ಅಗ್ಗವಾದಾಗ ಹೆಚ್ಚು, ತುಟ್ಟಿಯಾದಾಗ ಕಡಿಮೆ

ಮೊದಲು ನಿಂಬೆಹಣ್ಣಿನ ಲೆಕ್ಕ

ಬೆಂಗಳೂರಿನ ಬನಶಂಕರಿ ಅಮ್ಮನ ಗುಡಿ ನಮಗೆಲ್ಲ ಗೊತ್ತು. ಮಂಗಳವಾರ, ಶುಕ್ರವಾರ ಅಲ್ಲಿ ಹೆಂಗಸರು ನಿಂಬೆಹಣ್ಣಿನ ದೀಪ ಹಚ್ಚುತ್ತಾರೆ. ಗುಡಿಯ ಹತ್ತಿರ ನಿಂಬೆಹಣ್ಣಿನ ಬುಟ್ಟಿಗಳ ಸಾಲೇ ಇರುತ್ತದೆ. ಹಣ್ಣಿನ ಬೆಲೆ ಮಾತ್ರ ಒಂದೇ ಥರ ಇರುವುದಿಲ್ಲ. ಬೇಸಿಗೆಯಲ್ಲಿ ಏರುತ್ತದೆ. ಮಳೆ ಬಂದ ಮೇಲೆ ಇಳಿಯುತ್ತದೆ.

ಉಪ್ಪಿನಕಾಯಿ ಹಾಕುವ ಇಬ್ಬರು ಅಕ್ಕತಂಗಿಯರು ಇದ್ದಾರೆ ಅಂತ ಇಟ್ಟುಕೊಳ್ಳೋಣ. ಇಬ್ಬರೂ ತಿಂಗಳಿಗೊಮ್ಮೆ ನಿಂಬೆಹಣ್ಣು ಕೊಳ್ಳುತ್ತಾರೆ. ಮೊದಲ ತಿಂಗಳು ಹಣ್ಣಿಗೆ 10 ರೂಪಾಯಿ. ಎರಡನೇ ತಿಂಗಳು 5 ರೂಪಾಯಿ. ಮೂರನೇ ತಿಂಗಳು 2 ರೂಪಾಯಿ.

ತಂಗಿ ಎಣಿಕೆ ನೋಡಿ ಕೊಳ್ಳುವವಳು. ತಿಂಗಳಿಗೆ 20 ಹಣ್ಣು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವಳಿಗೆ ಮೊದಲ ತಿಂಗಳು 200 ರೂಪಾಯಿ ಆಯಿತು, ಎರಡನೇ ತಿಂಗಳು 100, ಮೂರನೇ ತಿಂಗಳು 40. ಒಟ್ಟು 340 ರೂಪಾಯಿ ಕೊಟ್ಟು 60 ಹಣ್ಣು ತಂದಳು. ಒಂದು ಹಣ್ಣಿಗೆ ಬಿದ್ದದ್ದು 5 ರೂಪಾಯಿ 67 ಪೈಸೆ.

ಅಕ್ಕ ದುಡ್ಡು ನೋಡಿ ಕೊಳ್ಳುವವಳು. "ನೂರು ರೂಪಾಯಿಗೆ ಎಷ್ಟು ಬರುತ್ತೋ ಅಷ್ಟು ಕೊಡಪ್ಪ" ಅನ್ನುತ್ತಾಳೆ. ಅವಳಿಗೆ ಮೊದಲ ತಿಂಗಳು 10 ಹಣ್ಣು ಬಂತು. ಎರಡನೇ ತಿಂಗಳು 20 ಬಂತು. ಮೂರನೇ ತಿಂಗಳು 50 ಬಂತು. ಒಟ್ಟು 300 ರೂಪಾಯಿಗೆ 80 ಹಣ್ಣು. ಒಂದು ಹಣ್ಣಿಗೆ ಬಿದ್ದದ್ದು 3 ರೂಪಾಯಿ 75 ಪೈಸೆ.

ನೋಡಿದಿರಾ? ಇಬ್ಬರೂ ಹೋದದ್ದು ಅದೇ ಅಂಗಡಿಗೆ, ಅದೇ ದಿನ. ಕೊಂಡದ್ದೂ ಅದೇ ಬೆಲೆಗೆ. ಆದರೂ ಅಕ್ಕನಿಗೆ ಹಣ್ಣು ಅಗ್ಗವಾಗಿ ಬಿತ್ತು. ಅವಳು ಚೌಕಾಸಿ ಮಾಡಲಿಲ್ಲ. ನಾಳೆ ಬೆಲೆ ಏನಾಗುತ್ತದೆ ಅಂತ ಯಾರನ್ನೂ ಕೇಳಲಿಲ್ಲ. ದುಡ್ಡನ್ನು ಮಾತ್ರ ಒಂದೇ ಸಮ ಇಟ್ಟಳು. ಆಗ ಬೆಲೆ ಏರಿದಾಗ ತಾನಾಗಿಯೇ ಕಡಿಮೆ ಹಣ್ಣು ಬಂತು. ಬೆಲೆ ಇಳಿದಾಗ ತಾನಾಗಿಯೇ ಹೆಚ್ಚು ಹಣ್ಣು ಬಂತು. ಅವಳ ಬುಟ್ಟಿಯಲ್ಲಿ ಅಗ್ಗದ ಹಣ್ಣೇ ಹೆಚ್ಚಾಯಿತು.

ಕೊಟ್ಟ ಒಟ್ಟು ದುಡ್ಡನ್ನು ಬಂದ ಒಟ್ಟು ಹಣ್ಣಿನಿಂದ ಭಾಗಿಸಿದೆವಲ್ಲ, ಅದಕ್ಕೆ ಸರಾಸರಿ ಬೆಲೆ ಅನ್ನುತ್ತೇವೆ. ಮ್ಯೂಚುವಲ್ ಫಂಡಿನಲ್ಲಿ ತಿಂಗಳ ಕಂತು ಕಟ್ಟುವುದರ ಗುಟ್ಟು ಇಷ್ಟೇ. ಈಗ ಹಣ್ಣಿನ ಬದಲು ಯೂನಿಟ್ ಅಂತ ಓದಿಕೊಳ್ಳೋಣ.

ಯೂನಿಟ್ ಅಂದರೇನು?

ಮ್ಯೂಚುವಲ್ ಫಂಡ್ ಅಂದರೆ ಸಾವಿರಾರು ಜನರ ದುಡ್ಡು ಒಂದೇ ಹುಂಡಿಗೆ ಬಿದ್ದ ಹಾಗೆ. ಆ ದುಡ್ಡಿನಿಂದ ಫಂಡಿನವರು ಬೇರೆ ಬೇರೆ ಕಂಪನಿಗಳ ಷೇರು, ಸಾಲಪತ್ರ ಕೊಳ್ಳುತ್ತಾರೆ. ನಮ್ಮ ಬೆಂಗಳೂರಿನ ಕೆನರಾ ಬ್ಯಾಂಕ್ 1987ರಲ್ಲೇ ಇಂಥ ಒಂದು ಫಂಡ್ ಶುರು ಮಾಡಿತ್ತು. ಈ ಫಂಡುಗಳ ಮೇಲೆ ಕಣ್ಣಿಡಲು ಸೆಬಿ ಅನ್ನುವ ಸರಕಾರಿ ಸಂಸ್ಥೆ ಇದೆ.

ಹುಂಡಿಯಲ್ಲಿ ನಮ್ಮ ಪಾಲು ಎಷ್ಟು ಅಂತ ತಿಳಿಯಬೇಕಲ್ಲ? ಅದಕ್ಕೆ ಹುಂಡಿಯನ್ನು ಸಮಪಾಲು ಮಾಡುತ್ತಾರೆ. ಒಂದೊಂದು ಪಾಲಿಗೂ ಯೂನಿಟ್ ಅಂತ ಹೆಸರು. ಒಂದು ಯೂನಿಟ್ಟಿನ ಬೆಲೆಗೆ ಎನ್.ಎ.ವಿ. ಅನ್ನುತ್ತಾರೆ. ಷೇರುಪೇಟೆ ನಡೆಯುವ ಪ್ರತಿ ದಿನ, ಪೇಟೆ ಮುಚ್ಚಿದ ಮೇಲೆ ಈ ಬೆಲೆ ಲೆಕ್ಕ ಹಾಕುತ್ತಾರೆ. ಫಂಡಿನ ಕೈಯಲ್ಲಿರುವ ಷೇರುಗಳ ಬೆಲೆ ಏರಿದರೆ ಯೂನಿಟ್ ಬೆಲೆ ಏರುತ್ತದೆ. ಇಳಿದರೆ ಇಳಿಯುತ್ತದೆ.

ತಿಂಗಳಿಗೆ ಇಷ್ಟು ಅಂತ ಕಟ್ಟುವ ಪದ್ಧತಿಗೆ ಎಸ್.ಐ.ಪಿ. ಅನ್ನುತ್ತಾರೆ. ಜನರ ಬಾಯಲ್ಲಿ ಅದು 'ಸಿಪ್'. ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿಯಿಂದ ಕಟ್ಟಬಹುದು. ಕೆಲವು ಫಂಡುಗಳಲ್ಲಿ 100 ರೂಪಾಯಿಗೂ ಆಗುತ್ತದೆ. ನಾವು ಬ್ಯಾಂಕಿಗೆ ಒಮ್ಮೆ ಒಪ್ಪಿಗೆ ಬರೆದುಕೊಟ್ಟರೆ ಆಯಿತು. ಗೊತ್ತಾದ ತಾರೀಖಿನಂದು ಖಾತೆಯಿಂದ ದುಡ್ಡು ತಾನೇ ಹೋಗುತ್ತದೆ.

ಇದು ಬ್ಯಾಂಕಿನ ಆರ್.ಡಿ. ಅಲ್ಲ. ಆರ್.ಡಿ.ಯಲ್ಲಿ ಕೊನೆಗೆ ಎಷ್ಟು ಬರುತ್ತದೆ ಅಂತ ಮೊದಲೇ ಹೇಳುತ್ತಾರೆ. ಇದು ಚೀಟಿಯೂ ಅಲ್ಲ. ಇಲ್ಲಿ ಕೊನೆಗೆ ಇಷ್ಟೇ ಬರುತ್ತದೆ ಅಂತ ಯಾರೂ ಹೇಳಲಾರರು.

2020ರ ಆರು ತಿಂಗಳು

ಈಗ ನಿಜವಾಗಿ ನಡೆದ ಒಂದು ಏರಿಳಿತ ನೋಡೋಣ. ನಿಫ್ಟಿ ಅನ್ನುವ ಹೆಸರನ್ನು ನೀವು ಟಿ.ವಿ.ಯಲ್ಲಿ ಕೇಳಿರಬಹುದು. ಅದು ದೇಶದ 50 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಿಗೆ ತೋರಿಸುವ ಅಂಕ. ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಕೂಡ ಅದರಲ್ಲಿ ಒಂದು. ಆ 50 ಕಂಪನಿಗಳ ಷೇರನ್ನೇ ಕೊಳ್ಳುವ ಫಂಡುಗಳೂ ಇವೆ. ಅವಕ್ಕೆ ಇಂಡೆಕ್ಸ್ ಫಂಡ್ ಅನ್ನುತ್ತಾರೆ.

2020ರ ಜನವರಿ ಕೊನೆಯಲ್ಲಿ ನಿಫ್ಟಿ 11,962 ಇತ್ತು. ಆಮೇಲೆ ಕೊರೋನಾ ಬಂತು. ಮಾರ್ಚ್ 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್ ಆಯಿತು. ಮಾರ್ಚ್ ಕೊನೆಗೆ ನಿಫ್ಟಿ 8,598ಕ್ಕೆ ಬಿದ್ದಿತ್ತು. ಜೂನ್ ಕೊನೆಗೆ 10,302ಕ್ಕೆ ಏರಿತು. ಅಂದರೆ ಅರ್ಧದಷ್ಟು ಮೇಲೆ ಬಂತು, ಪೂರ್ತಿ ಬರಲಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಈ ಅಂಕವನ್ನು 100ರಿಂದ ಭಾಗಿಸೋಣ. ಅದನ್ನೇ ಒಂದು ಯೂನಿಟ್ಟಿನ ಬೆಲೆ ಅಂದುಕೊಳ್ಳೋಣ. ಫಂಡಿನ ಖರ್ಚು, ಕಂಪನಿಗಳು ಕೊಡುವ ಲಾಭಾಂಶ ಇವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಜಯನಗರದಲ್ಲಿ ಬಟ್ಟೆ ಹೊಲಿಯುವ ಒಬ್ಬ ಅಕ್ಕ ಪ್ರತಿ ತಿಂಗಳ ಕೊನೆಯಲ್ಲಿ 1,000 ರೂಪಾಯಿ ಕಟ್ಟಿದಳು ಅನ್ನೋಣ.

ಜನವರಿ: ಬೆಲೆ 120 ರೂಪಾಯಿ, ಬಂದ ಯೂನಿಟ್ 8.33
ಫೆಬ್ರವರಿ: ಬೆಲೆ 112 ರೂಪಾಯಿ, ಬಂದ ಯೂನಿಟ್ 8.93
ಮಾರ್ಚ್: ಬೆಲೆ 86 ರೂಪಾಯಿ, ಬಂದ ಯೂನಿಟ್ 11.63
ಏಪ್ರಿಲ್: ಬೆಲೆ 99 ರೂಪಾಯಿ, ಬಂದ ಯೂನಿಟ್ 10.10
ಮೇ: ಬೆಲೆ 96 ರೂಪಾಯಿ, ಬಂದ ಯೂನಿಟ್ 10.42
ಜೂನ್: ಬೆಲೆ 103 ರೂಪಾಯಿ, ಬಂದ ಯೂನಿಟ್ 9.71

ಒಟ್ಟು ಕಟ್ಟಿದ್ದು 6,000 ರೂಪಾಯಿ. ಬಂದದ್ದು 59.12 ಯೂನಿಟ್. 6,000ವನ್ನು 59.12ರಿಂದ ಭಾಗಿಸಿ. 101 ರೂಪಾಯಿ 49 ಪೈಸೆ ಬರುತ್ತದೆ. ಇದು ಅಕ್ಕನ ಸರಾಸರಿ ಬೆಲೆ.

ಇದರಲ್ಲಿ ಒಂದು ವಿಷಯ ಗಮನಿಸಿ. ಜನವರಿಯಲ್ಲಿ ಯೂನಿಟ್ಟಿಗೆ 120 ರೂಪಾಯಿ ಇತ್ತು. ಜೂನಿನಲ್ಲಿ 103 ಮಾತ್ರ. ಪೇಟೆ ಇನ್ನೂ ಕೆಳಗೇ ಇದೆ. ಆದರೂ ಅಕ್ಕನಿಗೆ ನಷ್ಟ ಇಲ್ಲ. ಯಾಕೆಂದರೆ ಅವಳ ಸರಾಸರಿ ಬೆಲೆ 103ಕ್ಕಿಂತ ಕೆಳಗಿದೆ. ಅವಳ ಯೂನಿಟ್ಟುಗಳ ಬೆಲೆ 6,089 ರೂಪಾಯಿ. ಜನವರಿಯಲ್ಲೇ ಒಂದೇ ಸಲ 6,000 ಕಟ್ಟಿದ್ದರೆ 50 ಯೂನಿಟ್ ಬರುತ್ತಿತ್ತು. ಜೂನಿನಲ್ಲಿ ಅದರ ಬೆಲೆ 5,150 ರೂಪಾಯಿ ಮಾತ್ರ.

ಅಕ್ಕನ ಕೈ ಹಿಡಿದ ತಿಂಗಳು ಯಾವುದು? ಮಾರ್ಚ್. ಎಲ್ಲರೂ ಹೆದರಿದ ತಿಂಗಳಲ್ಲೇ ಅವಳಿಗೆ ಹೆಚ್ಚು ಯೂನಿಟ್ ಬಂತು.

ನಡುವೆ ನಿಲ್ಲಿಸಿದರೆ?

ಅಕ್ಕನಿಗೆ ಬಿಟಿಎಂ ಲೇಔಟಿನಲ್ಲಿ ಒಬ್ಬ ತಂಗಿ ಇದ್ದಾಳೆ ಅನ್ನೋಣ. ಅವಳೂ ಜನವರಿ, ಫೆಬ್ರವರಿಯಲ್ಲಿ ಸಾವಿರ ಸಾವಿರ ಕಟ್ಟಿದಳು. ಮಾರ್ಚಿನಲ್ಲಿ ಬೆಲೆ ಬಿದ್ದದ್ದು ನೋಡಿ ಎದೆ ಧಸಕ್ ಅಂತು.

"ಅಕ್ಕಾ, ದಿನಾ ಬೀಳ್ತಾನೇ ಇದೆ. ನಾನು ಕಂತು ನಿಲ್ಲಿಸ್ತೀನಿ. ಸರಿಹೋದ ಮೇಲೆ ನೋಡೋಣ" ಅಂದಳು.

"ನಿಂಬೆಹಣ್ಣು ಎರಡು ರೂಪಾಯಿಗೆ ಬಂದಾಗ ಬೇಡ ಅಂತೀಯೇನೆ? ಹತ್ತು ರೂಪಾಯಿ ಆದಾಗ ಕೊಳ್ತೀಯಾ?" ಅಂದಳು ಅಕ್ಕ.

ತಂಗಿ ಕೇಳಲಿಲ್ಲ. ಮಾರ್ಚ್, ಏಪ್ರಿಲ್, ಮೇ ತಿಂಗಳ ದುಡ್ಡನ್ನು ಡಬ್ಬಿಯಲ್ಲಿಟ್ಟಳು. ಜೂನಿನಲ್ಲಿ ಮತ್ತೆ ಕಂತು ಶುರು ಮಾಡಿದಳು. ಅವಳು ಕಟ್ಟಿದ್ದು ಒಟ್ಟು 3,000 ರೂಪಾಯಿ. ಬಂದದ್ದು 26.97 ಯೂನಿಟ್. ಸರಾಸರಿ ಬೆಲೆ 111 ರೂಪಾಯಿ 23 ಪೈಸೆ. ಜೂನಿನಲ್ಲಿ ಅವಳ ಯೂನಿಟ್ಟುಗಳ ಬೆಲೆ 2,778 ರೂಪಾಯಿ. ಅಂದರೆ 222 ರೂಪಾಯಿ ನಷ್ಟ.

ಇಬ್ಬರದೂ ಅದೇ ಫಂಡ್, ಅದೇ ಪೇಟೆ. ತಂಗಿ ತುಟ್ಟಿಯಾದ ತಿಂಗಳು ಕೊಂಡಳು, ಅಗ್ಗವಾದ ತಿಂಗಳು ಬಿಟ್ಟಳು. ಸರಾಸರಿಯ ಲೆಕ್ಕ ನಡೆಯಬೇಕಾದರೆ ಕಡಿಮೆ ಬೆಲೆಯ ತಿಂಗಳೂ ಅದರಲ್ಲಿ ಸೇರಬೇಕು. ಅದನ್ನೇ ಬಿಟ್ಟರೆ ಉಳಿಯುವುದು ತುಟ್ಟಿ ಬೆಲೆಗಳ ಸರಾಸರಿ.

ಲಾಕ್‌ಡೌನಿನಲ್ಲಿ ಎಷ್ಟೋ ಮನೆಗಳಲ್ಲಿ ಕೆಲಸವೇ ಹೋಯಿತು. ಅಂಥವರು ಕಂತು ನಿಲ್ಲಿಸಿದ್ದು ಹೆದರಿಕೆಯಿಂದಲ್ಲ, ಬೇರೆ ದಾರಿಯಿಲ್ಲದೆ. ಇನ್ನು ಕೆಲವರಿಗೆ ಕಂತು ಕಟ್ಟುವುದಿರಲಿ, ಇದ್ದ ಯೂನಿಟ್ಟುಗಳನ್ನೇ ಮಾರಬೇಕಾಗಿ ಬಂತು. ಅಕ್ಕನೇ ಮಾರ್ಚ್ ಕೊನೆಯಲ್ಲಿ ಅಕ್ಕಿಗೆ, ಬಾಡಿಗೆಗೆ ಅಂತ ಮಾರಿದ್ದರೆ? ಅಲ್ಲಿಗೆ 3,000 ಕಟ್ಟಿದ್ದಳು. ಅವಳ 28.89 ಯೂನಿಟ್ಟಿಗೆ ಯೂನಿಟ್ ಒಂದಕ್ಕೆ 86ರಂತೆ ಸುಮಾರು 2,485 ರೂಪಾಯಿ ಬರುತ್ತಿತ್ತು. 500 ರೂಪಾಯಿಗಿಂತ ಹೆಚ್ಚು ನಷ್ಟ.

ಅದಕ್ಕೇ ನಾವು ಹೇಳುವುದು: ಕೆಲವು ತಿಂಗಳ ಮನೆಖರ್ಚಿನ ದುಡ್ಡು ಮೊದಲು ಬ್ಯಾಂಕಿನಲ್ಲಿ ಇರಲಿ. ಮುಂದಿನ ವರ್ಷದ ಶಾಲೆ ಫೀಜು, ಮನೆಯ ಅಡ್ವಾನ್ಸು ಇವು ಷೇರಿನ ಫಂಡಿಗೆ ಹೋಗಬಾರದು. ಬೆಲೆ ಇಳಿದಾಗ ಮಾರದೆ ಕಾಯಲು ಆಗುವ ದುಡ್ಡು ಮಾತ್ರ ಅಲ್ಲಿಗೆ ಹೋಗಲಿ.

ಈ ಲೆಕ್ಕ ಏನು ಮಾಡುವುದಿಲ್ಲ?

"ಸಿಪ್ ಕಟ್ಟಿದರೆ ನಷ್ಟವೇ ಇಲ್ಲ" ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಷೇರಿನ ಫಂಡಿನಲ್ಲಿ ಯಾರೂ ಲಾಭದ ಭರವಸೆ ಕೊಡಲಾರರು. ಕೊಟ್ಟರೆ ಅವರ ಮಾತು ನಂಬಬೇಡಿ.

ಸರಾಸರಿ ಆಗುವುದು ಕೊಳ್ಳುವ ಬೆಲೆ ಮಾತ್ರ. ಮಾರುವ ಬೆಲೆ ಸರಾಸರಿ ಆಗುವುದಿಲ್ಲ. ಮಾರುವ ದಿನ ಯೂನಿಟ್ ಬೆಲೆ ನಮ್ಮ ಸರಾಸರಿಗಿಂತ ಮೇಲಿದ್ದರೆ ಲಾಭ, ಕೆಳಗಿದ್ದರೆ ನಷ್ಟ. ನಿಂಬೆಹಣ್ಣು ಕೊಳ್ಳುವವಳಿಗೆ ಬೆಲೆ ಇಳಿದರೆ ಸಂತೋಷ. ಮಾರುವವಳಿಗೆ ಅದೇ ಕಷ್ಟ. ಫಂಡಿನಲ್ಲಿ ನಾವು ಮೊದಲು ಕೊಳ್ಳುವವರು, ಕೊನೆಗೆ ಮಾರುವವರು.

ಬೆಲೆ ಬರೀ ಏರುತ್ತಲೇ ಹೋದರೆ ಏನಾಗುತ್ತದೆ? ಅದೂ ಅದೇ ವರ್ಷ ನಡೆಯಿತು. 2020ರ ಜುಲೈ ಕೊನೆಯಲ್ಲಿ ನಮ್ಮ ಲೆಕ್ಕದ ಯೂನಿಟ್ ಬೆಲೆ 111 ರೂಪಾಯಿ. ಡಿಸೆಂಬರ್ ಕೊನೆಗೆ 140. ಜುಲೈಯಿಂದ ಡಿಸೆಂಬರಿನವರೆಗೆ ತಿಂಗಳಿಗೆ ಸಾವಿರದಂತೆ ಕಟ್ಟಿದವರಿಗೆ ಸುಮಾರು 50 ಯೂನಿಟ್ ಬಂತು. ಜುಲೈಯಲ್ಲೇ ಒಂದೇ ಸಲ 6,000 ಕಟ್ಟಿದವರಿಗೆ 54 ಯೂನಿಟ್ ಬಂತು. ಇಲ್ಲಿ ಗೆದ್ದವರು ಒಂದೇ ಸಲ ಕಟ್ಟಿದವರು. ಆದ್ದರಿಂದ ಕಂತು ಯಾವಾಗಲೂ ಅಗ್ಗ ಅಂತ ತಿಳಿಯಬಾರದು. ಆದರೆ ಮುಂದೆ ಏರುತ್ತದೋ ಇಳಿಯುತ್ತದೋ ಮೊದಲೇ ಯಾರಿಗೆ ಗೊತ್ತು? ಹಾಗೂ ನಮ್ಮಂಥವರ ಕೈಗೆ ದುಡ್ಡು ಬರುವುದೇ ತಿಂಗಳು ತಿಂಗಳು. ಒಂದೇ ಸಲ ಕಟ್ಟೋಣ ಅಂದರೆ ಗಂಟು ಎಲ್ಲಿದೆ?

ಬೆಲೆ ಬಿದ್ದದ್ದು ಬೇಗ ಏಳದೆಯೂ ಇರಬಹುದು. 2020ರಲ್ಲಿ ಕೆಲವೇ ತಿಂಗಳಲ್ಲಿ ಎದ್ದಿತು. ಆದರೆ ಜಪಾನ್ ದೇಶದ ಕಥೆ ಬೇರೆ. ಅಲ್ಲಿನ ಷೇರುಪೇಟೆಯ ನಿಕ್ಕಿ ಅನ್ನುವ ಅಂಕ 1989ರ ಡಿಸೆಂಬರಿನಲ್ಲಿ ತುದಿ ಮುಟ್ಟಿತು. ಆಮೇಲೆ ಬಿತ್ತು. ಮತ್ತೆ ಆ ಎತ್ತರಕ್ಕೆ ಬಂದದ್ದು 2024ರ ಫೆಬ್ರವರಿಯಲ್ಲಿ. ನಡುವೆ 34 ವರ್ಷ ಹೋಯಿತು. ಒಂದೇ ಕಂಪನಿಯ ಷೇರು ಕೊಂಡರೆ ಇನ್ನೂ ಕಷ್ಟ. ಆ ಕಂಪನಿಯೇ ಮುಚ್ಚಿಹೋದರೆ ಎಷ್ಟು ಅಗ್ಗದ ಸರಾಸರಿ ಇದ್ದರೂ ಪ್ರಯೋಜನವಿಲ್ಲ. ಅದಕ್ಕೇ ಹತ್ತಾರು ಕಂಪನಿಗಳಲ್ಲಿ ಹಂಚಿರುವ ಫಂಡ್ ಮೇಲು.

ಇನ್ನೊಂದು ಮಾತು ಹೆಚ್ಚು ಜನರಿಗೆ ಗೊತ್ತಿಲ್ಲ. ವರ್ಷ ಕಳೆದ ಹಾಗೆ ಸರಾಸರಿಯ ಬಲ ಕಡಿಮೆಯಾಗುತ್ತದೆ. ಶುರುವಿನಲ್ಲಿ ಒಂದು ಕಂತು ಅಂದರೆ ದೊಡ್ಡದು. ಆರು ಕಂತಿನಲ್ಲಿ ಮಾರ್ಚಿನ ಒಂದು ಕಂತು ಅಕ್ಕನ ಸರಾಸರಿಯನ್ನು ಚೆನ್ನಾಗಿ ಇಳಿಸಿತು. ಹತ್ತು ವರ್ಷ ಕಟ್ಟಿದ ಮೇಲೆ 120 ಕಂತು ಆಗಿರುತ್ತದೆ. ಆಗ ಅಕ್ಕನ ಫಂಡಿನಲ್ಲಿ 2 ಲಕ್ಷ ರೂಪಾಯಿ ಇದೆ ಅನ್ನೋಣ. ಬೆಲೆ ನೂರಕ್ಕೆ ಮೂವತ್ತು ಬಿದ್ದರೆ ಅದು 1 ಲಕ್ಷ 40 ಸಾವಿರ ಆಗುತ್ತದೆ. ಆ ತಿಂಗಳ ಒಂದು ಸಾವಿರದ ಕಂತು ಈ ಅರವತ್ತು ಸಾವಿರದ ಹೊಡೆತವನ್ನು ತಡೆಯಲಾರದು. ಕೊಡದಲ್ಲಿ ನೀರು ತುಂಬಿದ ಮೇಲೆ ಒಂದು ಲೋಟ ಹಾಕಿದರೆ ಎಷ್ಟು ವ್ಯತ್ಯಾಸ?

ಹಾಗಾದರೆ ಏನು ಮಾಡಬೇಕು? ಮಗಳ ಕಾಲೇಜಿಗೆ ಅಂತ ಕೂಡಿಸಿದ್ದರೆ ಕೊನೆಯ ದಿನದವರೆಗೆ ಎಲ್ಲವನ್ನೂ ಷೇರಿನ ಫಂಡಿನಲ್ಲೇ ಬಿಡಬಾರದು. ದುಡ್ಡು ಬೇಕಾಗುವುದಕ್ಕೆ ಎರಡು ಮೂರು ವರ್ಷ ಮೊದಲೇ ಸ್ವಲ್ಪ ಸ್ವಲ್ಪವಾಗಿ ತೆಗೆದು ಬ್ಯಾಂಕಿನ ಠೇವಣಿಗೆ ಹಾಕಬೇಕು. ಆಗ ಮಾರುವ ಬೆಲೆಯೂ ಬೇರೆ ಬೇರೆ ದಿನಕ್ಕೆ ಹಂಚಿದ ಹಾಗೆ ಆಗುತ್ತದೆ.

ನಿಮ್ಮ ಸರಾಸರಿ ನೀವೇ ನೋಡಿಕೊಳ್ಳಿ

ಫಂಡಿನವರು ಲೆಕ್ಕದ ಹಾಳೆ ಕಳಿಸುತ್ತಾರೆ. ಅದಕ್ಕೆ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಅದರಲ್ಲಿ ಪ್ರತಿ ಕಂತಿಗೂ ತಾರೀಖು, ಕಟ್ಟಿದ ದುಡ್ಡು, ಆ ದಿನದ ಯೂನಿಟ್ ಬೆಲೆ, ಬಂದ ಯೂನಿಟ್, ಒಟ್ಟು ಯೂನಿಟ್ ಬರೆದಿರುತ್ತದೆ. ಯೂನಿಟ್ಟನ್ನು ಸಾಮಾನ್ಯವಾಗಿ ಚುಕ್ಕೆಯ ಮುಂದೆ ಮೂರು ಅಂಕಿಯವರೆಗೆ ಬರೆಯುತ್ತಾರೆ. ಸಾವಿರ ಕಟ್ಟಿದ್ದರೂ 999.95 ಅಂತ ಕಂಡರೆ ಗಾಬರಿ ಬೇಡ. ಕಡಿಮೆಯಾದ 5 ಪೈಸೆ ಸರಕಾರದ ಮುದ್ರಾಂಕ ಶುಲ್ಕ. ಅದು 2020ರ ಜುಲೈ 1ರಿಂದ ಬಂದಿದೆ.

ಇದುವರೆಗೆ ಕಟ್ಟಿದ ಒಟ್ಟು ದುಡ್ಡನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ. ಬಂದದ್ದು ನಿಮ್ಮ ಸರಾಸರಿ. ಅದನ್ನು ಇವತ್ತಿನ ಯೂನಿಟ್ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿ. ಲಾಭವೋ ನಷ್ಟವೋ ನಿಮಗೇ ತಿಳಿಯುತ್ತದೆ. ಬೇಗ ಮಾರಿದರೆ ಕೆಲವು ಫಂಡುಗಳು ಸ್ವಲ್ಪ ದುಡ್ಡು ಹಿಡಿದುಕೊಳ್ಳುತ್ತವೆ. ಅದನ್ನು ಮೊದಲೇ ಕೇಳಿ ತಿಳಿಯಿರಿ.

ಕಂತಿನ ತಾರೀಖಿಗೆ ಖಾತೆಯಲ್ಲಿ ದುಡ್ಡು ಇರಲಿ. ಇಲ್ಲದಿದ್ದರೆ ಆ ತಿಂಗಳು ಯೂನಿಟ್ ಬರುವುದಿಲ್ಲ. ಬ್ಯಾಂಕಿನವರು ದಂಡವನ್ನೂ ಹಾಕಬಹುದು. ಸತತವಾಗಿ ಮೂರು ತಿಂಗಳು ಹೀಗಾದರೆ ಕಂತೇ ರದ್ದಾಗುತ್ತದೆ. ಆದ್ದರಿಂದ ಸಂಬಳ ಬರುವ ದಿನದ ಒಂದೆರಡು ದಿನದ ನಂತರದ ತಾರೀಖು ಕೊಡಿ. ಸ್ಟೇಟ್‌ಮೆಂಟಿನಲ್ಲಿ ಯಾವುದಾದರೂ ತಿಂಗಳು ಕಾಣದಿದ್ದರೆ ಬ್ಯಾಂಕಿನ ಪಾಸ್‌ಬುಕ್ ತೆಗೆದು ತಾಳೆ ನೋಡಿ.

ಲೆಕ್ಕ ಮಾಡಿ ನೋಡಿ

ಜೆ.ಪಿ. ನಗರದ ಒಬ್ಬ ಆಟೋ ಚಾಲಕರು ಮೂರು ತಿಂಗಳು 600 ರೂಪಾಯಿಯಂತೆ ಕಟ್ಟಿದರು. ಯೂನಿಟ್ ಬೆಲೆ ಮೊದಲ ತಿಂಗಳು 60 ರೂಪಾಯಿ, ಎರಡನೇ ತಿಂಗಳು 40, ಮೂರನೇ ತಿಂಗಳು 30.

1. ಯಾವ ತಿಂಗಳು ಎಷ್ಟು ಯೂನಿಟ್ ಬಂತು?
2. ಅವರ ಸರಾಸರಿ ಬೆಲೆ ಎಷ್ಟು?
3. ಬೆಲೆ 45 ಆದಾಗ ಎಲ್ಲ ಯೂನಿಟ್ ಮಾರಿದರೆ ಲಾಭವೋ ನಷ್ಟವೋ? ಎಷ್ಟು?
4. ಬೆಲೆ 35 ಇರುವಾಗ ಮಾರಿದರೆ?

ಉತ್ತರ: 1. ಮೊದಲ ತಿಂಗಳು 10, ಎರಡನೇ ತಿಂಗಳು 15, ಮೂರನೇ ತಿಂಗಳು 20; ಒಟ್ಟು 45 ಯೂನಿಟ್. 2. 1,800ನ್ನು 45ರಿಂದ ಭಾಗಿಸಿದರೆ 40 ರೂಪಾಯಿ. 3. ಕೈಗೆ 2,025 ರೂಪಾಯಿ ಬರುತ್ತದೆ. 225 ರೂಪಾಯಿ ಲಾಭ. 4. ಕೈಗೆ 1,575 ರೂಪಾಯಿ ಬರುತ್ತದೆ. 225 ರೂಪಾಯಿ ನಷ್ಟ.

ಮೂರನೇ ಮತ್ತು ನಾಲ್ಕನೇ ಉತ್ತರವನ್ನು ಇನ್ನೊಮ್ಮೆ ಓದಿ. ಎರಡರಲ್ಲೂ ಕೊಂಡ ಸರಾಸರಿ ಬೆಲೆ ಅದೇ 40 ರೂಪಾಯಿ. ಬೇರೆಯಾದದ್ದು ಮಾರಿದ ದಿನ ಮಾತ್ರ.